ಒಂದೇ ಪ್ರಬಂಧ, ಮೂರು ಲೆಕ್ಕ

ಕಾಲೇಜಿನ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದ ಅವಳಿಗೆ ‘ಪುರಾವೆ ಮೇಡಂ’ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ನಮ್ಮ ಲ್ಯಾಬ್ ಚೆನ್ನಾಗಿದೆ ಎಂದು ಯಾರಾದರೂ ಬಾಯಿ ತಪ್ಪಿ ಹೇಳಿದರೂ, ಅದಕ್ಕೆ ಪುರಾವೆ ಎಲ್ಲಿ ಎಂದು ಕೈ ಚಾಚುವ ಹೆಂಗಸು. ಬೆನ್ನ ಹಿಂದೆ ನಗುತ್ತಿದ್ದ ಸಹೋದ್ಯೋಗಿಗಳೇ ವಿಭಾಗದ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ತಂಡ ಬರುತ್ತದೆ ಎಂದು ಗೊತ್ತಾದ ಕೂಡಲೇ ವಿಭಾಗ ತನ್ನ ಬಗ್ಗೆ ತಾನೇ ಬರೆದುಕೊಡಬೇಕಾದ ಸ್ವ-ಅಧ್ಯಯನ ವರದಿಯನ್ನು ಅವಳ ತಲೆಗೆ ಕಟ್ಟಿ ಕೈತೊಳೆದುಕೊಂಡರು.

ವಿಭಾಗದ ಮುಖ್ಯಸ್ಥರು ಅವಳಿಗೆ ಪಾಠ ಹೇಳಿದ ಮೇಷ್ಟ್ರು. ತಾವು ನಿವೃತ್ತರಾಗುವುದರೊಳಗೆ ಮಾನ್ಯತೆ ಸಿಗಬೇಕೆಂಬುದು ಅವರ ಒಂದೇ ಆಸೆ. ಅವರ ಮುಖ ಬಾಡುವುದನ್ನು ನೋಡುವುದೆಂದರೆ ಅವಳಿಗೆ ಇವತ್ತಿಗೂ ಆಗದು.

ಬಂದು ಬಿದ್ದ ಸಾಮಗ್ರಿಯೋ, ದೇವರಿಗೇ ಪ್ರೀತಿ. ಒಬ್ಬರು ಎಕ್ಸೆಲ್ ಕಳಿಸಿದರೆ ಇನ್ನೊಬ್ಬರು ಹಾಳೆಯ ಫೋಟೋ ತೆಗೆದು ಕಳಿಸಿದ್ದರು. ಸಭೆಯ ನಡಾವಳಿಗಳು ಬೇರೆ ಬೇರೆ ಕಪಾಟುಗಳಲ್ಲಿ, ಕೆಲವಕ್ಕೆ ತಾರೀಖೇ ಇಲ್ಲ. ಹಿಂದಿನ ಸಲ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದು ಕೊನೆಗೆ ಹೊಲಿದಿದ್ದರು. ಒಂದು ಅಧ್ಯಾಯದ ಅಧ್ಯಾಪಕರ ಸಂಖ್ಯೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಅವಳು ಆ ದಾರಿ ಹಿಡಿಯಲಿಲ್ಲ. ಮೊದಲು ತಂಡ ಅಳೆಯುವ ಮಾನದಂಡಗಳ ತಲೆಬರಹಗಳನ್ನಷ್ಟೇ ಬರೆದಳು. ಪ್ರತಿಯೊಂದರ ಕೆಳಗೆ ವಿಭಾಗ ಹೇಳಿಕೊಳ್ಳುವ ಮಾತು ಒಂದು ವಾಕ್ಯದಲ್ಲಿ, ಅದರ ಅಂಕಿ, ಅದನ್ನು ತೋರಿಸುವ ದಾಖಲೆಯ ಸಂಖ್ಯೆ. ದಾಖಲೆ ಇಲ್ಲದಿದ್ದರೆ ವಾಕ್ಯವೂ ಇಲ್ಲ. ಮನೆಯ ಊಟದ ಮೇಜೂ ಕಾಗದದಿಂದ ತುಂಬಿತು.

“ಇವತ್ತು ತಟ್ಟೆ ಎಲ್ಲಿಡೋದಮ್ಮ, ನಿನ್ನ ನಡಾವಳಿ ಮೇಲೋ?” ಎಂದರು ಅತ್ತೆ.

“ಮೂರನೇ ಮಾನದಂಡದ ಮೇಲೆ ಇಡಿ ಅತ್ತೆ, ಅದು ಮುಗೀತು.”

ಒಂದು ಜಾಗ ಮಾತ್ರ ಮುಗಿಯಲಿಲ್ಲ: ಸಂಶೋಧನಾ ಪ್ರಬಂಧಗಳು. ಎಲ್ಲರ ಹಾಳೆಗಳನ್ನು ಕೂಡಿಸಿದರೆ ಅರವತ್ತೆರಡು. ಮುಖ್ಯಸ್ಥರು ಆ ಅಂಕಿಯನ್ನು ಪ್ರಾಂಶುಪಾಲರಿಗೆ ಆಗಲೇ ಎದೆಯುಬ್ಬಿಸಿ ಹೇಳಿಯಾಗಿತ್ತು. ಅವಳು ಅಧ್ಯಾಪಕರಿಗೊಂದು ಸಾಲು ಎಂಬ ಪಟ್ಟಿಯನ್ನು ಬಿಟ್ಟು, ಪ್ರಬಂಧಕ್ಕೊಂದು ಸಾಲು ಎಂದು ಹೊಸ ಪಟ್ಟಿ ಮಾಡಿದಳು. ಮೂವರು ಸೇರಿ ಬರೆದ ಒಂದೇ ಪ್ರಬಂಧ ಮೂವರ ಹಾಳೆಯಲ್ಲೂ ಕೂತಿತ್ತು. ಕೆಲವರು ಜನವರಿಯಿಂದ ವರ್ಷ ಎಣಿಸಿದ್ದರು, ಕೆಲವರು ಕಾಲೇಜು ಶುರುವಾದ ತಿಂಗಳಿಂದ. ಹಾಗಾಗಿ ವರದಿಯ ಅವಧಿಗೆ ಸೇರದವೂ ನುಸುಳಿದ್ದವು. ಅವನ್ನೆಲ್ಲ ತೆಗೆದರೆ ಉಳಿದದ್ದು ನಲವತ್ತೊಂದು. ಮೋಸ ಯಾರದ್ದೂ ಅಲ್ಲ, ಎಲ್ಲರೂ ತಮ್ಮ ತಮ್ಮದನ್ನು ಸರಿಯಾಗೇ ಬರೆದಿದ್ದರು.

ಮುಖ್ಯಸ್ಥರು ಪಟ್ಟಿಯನ್ನು ಓದಿ ಕನ್ನಡಕ ತೆಗೆದರು.

“ಪಕ್ಕದ ವಿಭಾಗದವರು ಐವತ್ತು ದಾಟಿಸಿದ್ದಾರಂತೆ. ಅವರು ಹೀಗೆ ಸೋಸಿರ್ತಾರೇನು?”

“ಗೊತ್ತಿಲ್ಲ ಸರ್. ನಮ್ಮದು ಇಷ್ಟೇ.”

“ನಾನು ಪ್ರಾಂಶುಪಾಲರಿಗೆ ಏನು ಹೇಳ್ಲಿ? ಅರವತ್ತೆರಡೇ ಇರ್ಲಿ.”

ಮೇಷ್ಟ್ರ ಮುಖ ಬಾಡಿದ್ದು ಅವಳಿಗೆ ಕಂಡಿತು. ಆದರೂ ಹಿಂದೆ ಸರಿಯದೆ, “ನೀವು ಹೇಳಿದ ಅಂಕಿನೇ ಹಾಕ್ಬೇಕು ಅಂದ್ರೆ ಬೇರೆಯವರು ಬರೀಲಿ ಸರ್. ನಾನು ಹಾಕಲ್ಲ,” ಎಂದಳು. ಮುಖ್ಯಸ್ಥರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಾರನೇ ದಿನ ವರದಿಗೆ ಸಹಿ ಬಿತ್ತು, ಆದರೆ ಅವರು ಅವಳ ಕಡೆ ನೋಡಲಿಲ್ಲ. ಸಹಿ ಹಾಕದಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ತಂಡ ಬಂತು. ಅಧ್ಯಕ್ಷೆ ಸಣ್ಣಗೆ ಮಾತಾಡುವ, ಏನನ್ನೂ ಬಿಡದ ಹೆಂಗಸು. ಮೊದಲು ನಿರ್ಮಾಣ ವಿಶ್ಲೇಷಣೆ ಎಂಬ ವಿಷಯದಲ್ಲಿ ವಿದ್ಯಾರ್ಥಿಗಳ ಕಲಿಕೆ ಗುರಿ ಮುಟ್ಟಿಲ್ಲ ಎಂದಿದ್ದ ಪುಟ ತೆಗೆದರು. ಗುರಿ ತಪ್ಪಿದ ವರ್ಷದ ಅಂಕಿ, ಹೆಚ್ಚುವರಿ ಅಭ್ಯಾಸ ತರಗತಿ ಇಡಲು ನಿರ್ಧರಿಸಿದ ನಡಾವಳಿ, ಆ ತರಗತಿ ಇರುವ ವೇಳಾಪಟ್ಟಿ, ಮುಂದಿನ ವರ್ಷ ಏರಿದ ಫಲಿತಾಂಶ, ನಾಲ್ಕೂ ಒಂದರ ಹಿಂದೆ ಒಂದು ಇದ್ದವು. ಅಧ್ಯಕ್ಷೆ ತಲೆಯಾಡಿಸಿ ಮುಂದಕ್ಕೆ ಮಗುಚಿದರು, ಆಮೇಲೆ ಪ್ರಬಂಧಗಳ ಪುಟದಲ್ಲಿ ಕೈ ನಿಲ್ಲಿಸಿದರು.

“ಬೆಳಗ್ಗೆ ಪ್ರಾಂಶುಪಾಲರು ತೋರಿಸಿದ ಸ್ಲೈಡಿನಲ್ಲಿ ಅರವತ್ತೆರಡು ಪ್ರಬಂಧ. ವರದಿಯಲ್ಲಿ ನಲವತ್ತೊಂದು. ಯಾವುದು ನಿಜ?”

ಉತ್ತರ ಅವಳ ಬಾಯಲ್ಲೇ ಇತ್ತು, ಆದರೆ ಎಲ್ಲರ ಮುಂದೆ ಮೇಷ್ಟ್ರ ತಪ್ಪನ್ನು ಎತ್ತಿ ಹೇಳಲು ನಾಲಿಗೆ ಏಳಲಿಲ್ಲ.

ಮುಖ್ಯಸ್ಥರೇ ಎದ್ದು ನಿಂತರು.

“ನಲವತ್ತೊಂದು. ಸ್ಲೈಡಿಗೆ ಅಂಕಿ ಕೊಟ್ಟವನು ನಾನು, ಆಮೇಲೆ ತಿದ್ದಿಸ್ಲೂ ಇಲ್ಲ. ಒಂದೇ ಪ್ರಬಂಧನ ಮೂರು ಸಲ ಎಣಿಸಿದ್ದೆ. ವರದಿಗೂ ಅದನ್ನೇ ಹಾಕಿ ಅಂತ ಕೇಳ್ದೆ. ಇವರು ಒಪ್ಪಲಿಲ್ಲ.”

ಅಧ್ಯಕ್ಷೆ ವರದಿಯ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಸರಿ ಗುರುತು ಹಾಕಿ, ಆ ನಲವತ್ತೊಂದರ ದಾಖಲೆಗಳನ್ನು ಕೇಳಿದರು. ಮುಖ್ಯಸ್ಥರು ಮೇಜಿನ ತುದಿಯ ತಮ್ಮ ಕುರ್ಚಿಯನ್ನು ಹಿಂದಕ್ಕೆಳೆದು ಅವಳ ಕಡೆ ತಿರುಗಿದರು. “ಇಲ್ಲಿ ಬಂದು ಕೂತ್ಕೊಳ್ಳಿ ಮೇಡಂ. ಇನ್ನು ಕೇಳೋದೆಲ್ಲ ನಿಮ್ಮನ್ನೇ ಕೇಳ್ತಾರೆ.”

ಅವಳಿಗೆ ಹೆಮ್ಮೆ ಉಕ್ಕಿ ಬಂತು, ತನ್ನ ಬಗ್ಗೆ ಸ್ವಲ್ಪ, ಮೇಷ್ಟ್ರ ಬಗ್ಗೆ ಬಹಳ. ಕಡತ ಎತ್ತಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತಳು. ಅವರು ಗೋಡೆಗೆ ಒರಗಿ, ಅವಳ ಉತ್ತರಗಳನ್ನು ಕೊನೆಯವರೆಗೂ ನಿಂತೇ ಕೇಳಿದರು.