ದೊಡ್ಡಪ್ಪನ ಇನ್‌ಬಾಕ್ಸ್

ಅದು ಎರಡು ಸಾವಿರದ ಎಂಟೋ ಒಂಬತ್ತೋ, ಖಚಿತವಿಲ್ಲ. ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನು ನಾನು ಆಮೇಲೆ ಹೊಂದಿಸಿಕೊಂಡಿರಲೂಬಹುದು.

ದೊಡ್ಡಪ್ಪ ನಿವೃತ್ತ ಮಾಸ್ತರು. ನೌಕಾನೆಲೆಗೆ ಜಾಗ ಬಿಟ್ಟು ಚೆಂಡಿಯಾ ಕಡೆಯಿಂದ ಎದ್ದು ಬಂದು ಅಂಕೋಲೆಯಲ್ಲಿ ನೆಲೆಸಿದವರ ಚಿಕ್ಕ ಸಂಘಕ್ಕೆ ಕಾರ್ಯದರ್ಶಿ. ಅವರ ಕಣ್ಣಿನ ನಡುವಿನ ದೃಷ್ಟಿ ಹೋಗುತ್ತ ಬಂದಿತ್ತು. ಯಾವ ಪದ ನೋಡಿದರೂ ಮಧ್ಯದಲ್ಲೊಂದು ಮಸುಕು. ಮೇಲ್ ಓದಲಾಗದವರು ಕಾರ್ಯದರ್ಶಿಯಾಗಿ ಉಳಿಯುವುದು ಹೇಗೆಂಬ ಮಾತು ಎದ್ದಿತ್ತು. ಭಾನುವಾರ ಸಮಿತಿ ಮನೆಗೇ ಬರಲಿತ್ತು. ಅಷ್ಟರೊಳಗೆ ಅವರ ಕಂಪ್ಯೂಟರನ್ನು ಓದಲು ಬರುವಂತೆ ಮಾಡಿಕೊಡಲು ನಾನು ಕಾರವಾರದಿಂದ ಬೆಳಗಿನ ಬಸ್ಸಿಗೆ ಹೋದೆ.

ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಪತ್ರದ ಅಕ್ಷರ ಹಿಗ್ಗುತ್ತಿತ್ತು, ಪತ್ರಗಳ ಪಟ್ಟಿ ಮಾತ್ರ ಇರುವೆ ಸಾಲಿನಂತೆಯೇ ಇತ್ತು. ಪಟ್ಟಿಗಾಗಿ ವಿಂಡೋಸಿನ ಅಕ್ಷರವನ್ನೇ ದೊಡ್ಡದು ಮಾಡಿ ರೆಸಲ್ಯೂಶನ್ ಇಳಿಸಿದೆ. ಈಗ ಸೆಟ್ಟಿಂಗ್ಸ್ ಕಿಟಕಿಯೇ ತೆರೆಗಿಂತ ಉದ್ದವಾಗಿ, ‘ಓಕೆ’ ಗುಂಡಿ ಕೆಳಗೆಲ್ಲೋ ಹೋಯಿತು.

“ಮೇಜಿನ ಅಡಿಗೆ ಹುಡುಕೂದಾ?” ಎಂದರು ದೊಡ್ಡಮ್ಮ.

ಎಂಟರ್ ಒತ್ತಿ ಪಾರಾದೆ. ಅಕ್ಷರ ಹಿಗ್ಗಿಸುವ ಮ್ಯಾಗ್ನಿಫೈಯರ್ ಹಾಕಿದರೆ ತೆರೆಯ ಮೇಲ್ಭಾಗದ ಪಟ್ಟಿಯಲ್ಲಿ ಒಂದೂವರೆ ಪದ ಮಾತ್ರ ಹಿಡಿಯುತ್ತಿತ್ತು.

“ಇದೇನ್ ಮಾರಾಯ್ತಿ, ಬಸ್ಸಿನ ಬೋರ್ಡ್ ಓದಿದಂಗೆ ಆತು,” ಎಂದರು ದೊಡ್ಡಪ್ಪ.

ಕೊನೆಗೆ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಹಾಕಿದೆ. ಕೆಳಬಾಣ ಒತ್ತಿದಂತೆಲ್ಲ ಅದು ಕಳಿಸಿದವರ ಹೆಸರು, ವಿಷಯ ಹೇಳುತ್ತಿತ್ತು. ಎಂಟರ್ ಒತ್ತಿದರೆ ಪತ್ರ ತೆರೆದು, ಅದನ್ನೂ ಪೂರ್ತಿ ಓದುತ್ತಿತ್ತು.

ಸಮಿತಿಯವರು ಚಹಾ ಹಿಡಿದು ಕಂಪ್ಯೂಟರ್ ಸುತ್ತ ಕುಳಿತರು. “ಮಾಸ್ತರ್ರೆ, ಒಂದು ಓದಿ ತೋರ್ಸಿ. ನಮಗೂ ಸಮಾಧಾನ,” ಎಂದರು ಉಪಾಧ್ಯಕ್ಷರು.

ದೊಡ್ಡಪ್ಪ ಒಂದೊಂದೇ ಸಾಲು ಕೇಳುತ್ತ ಕೆಳಗಿಳಿದು, ಎಲ್ಲೋ ನಿಂತು ಎಂಟರ್ ಒತ್ತಿದರು. ವಿದೇಶಿ ಯಂತ್ರದ ದನಿ ಇಂಗ್ಲಿಷಿನಲ್ಲಿ ಶುರುಮಾಡಿತು. ಮಾಸ್ತರಿಗೆ ಕಣ್ಣು ಕಾಣುವುದಿಲ್ಲ, ಬರುವ ತಿಂಗಳಿನಿಂದ ಬೇರೆಯವರು ನೋಡಿಕೊಳ್ಳಲಿ, ಅವರಿಗೆ ಈಗಲೇ ತಿಳಿಸುವುದು ಬೇಡ, ಬೇಜಾರಾಗುತ್ತದೆ. ಕಳಿಸಿದವರು ಉಪಾಧ್ಯಕ್ಷರೇ. ಎಲ್ಲ ಸದಸ್ಯರಿಗೂ ಕಳಿಸುವಾಗ ಅಭ್ಯಾಸಬಲದಿಂದ, ದೊಡ್ಡಪ್ಪನೇ ನೋಡುವ ಸಂಘದ ವಿಳಾಸವನ್ನೂ ಸೇರಿಸಿದ್ದರು.

“ಅದ್ರ ಬಾಯಿ ಮುಚ್ಸಿ ಮಾಸ್ತರ್ರೆ,” ಎಂದರು ಉಪಾಧ್ಯಕ್ಷರು.

“ಮುಚ್ಚೂಕೆ ಕಂಟ್ರೋಲ್ ಒತ್ತಬೇಕಂತೆ. ಎಲ್ಲಿದೆ ಅಂತ ನಂಗೆ ಕಾಣೂದಿಲ್ಲ.”

ಯಾರೂ ಎದ್ದು ಒತ್ತಲಿಲ್ಲ. ಯಂತ್ರ ಕೆಳಗಿನ ಸಹಿಯನ್ನು, ಮೊಬೈಲ್ ನಂಬರನ್ನು ಅಂಕಿ ಅಂಕಿಯಾಗಿ ಓದಿ ಮುಗಿಸಿತು.

“ಉತ್ತರ ಟೈಪ್ ಮಾಡೂದಾ, ಬಾಯಲ್ಲಿ ಸಾಕಾ?” ಎಂದರು ದೊಡ್ಡಪ್ಪ.

ಉಪಾಧ್ಯಕ್ಷರು ಚಹಾ ಚೆನ್ನಾಗಿದೆಯೆಂದರು. ಕಾರ್ಯದರ್ಶಿಯ ವಿಷಯ ಆ ದಿನ ಮತ್ತೆ ಬರಲಿಲ್ಲ. ಮುಂದೆಯೂ ಬಂದಂತೆ ನನಗೆ ನೆನಪಿಲ್ಲ.

ಅವರೆಲ್ಲ ಹೋದ ಮೇಲೆ ಕೇಳಿದೆ: “ದೊಡ್ಡಪ್ಪ, ಅಷ್ಟು ಮೇಲ್ ಇದ್ದವಲ್ಲ. ನೀನು ಅದನ್ನೇ ಯಾಕೆ ತೆರೆದೆ?”

“ಕಳಿಸಿದವ್ರ ಹೆಸ್ರು, ವಿಷಯ ಎರಡೂ ಅದು ಮೊದ್ಲೇ ಹೇಳ್ತದಲ್ಲ,” ಎಂದರು ದೊಡ್ಡಪ್ಪ.