ಆಮೇಲೆ ಬಂದ ಆನೆ

ನಾನು ಜೀರಹಳ್ಳಿಯವಳು. ತಮಿಳು ಸೀಮೆಗೆ ಸೇರಿದ ತಾಳವಾಡಿಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮಗೆ ಬರುವ ಅಭ್ಯಾಸದ ಹಾಳೆಗಳು ಬಹುಪಾಲು ತಮಿಳಿನಲ್ಲಿರುತ್ತವೆ. ಅವನ್ನು ಕನ್ನಡಕ್ಕೆ ತಿರುಗಿಸಿ, ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಹಂಚುವುದು ನನ್ನ ಕೆಲಸ. ಆ ವರ್ಷ ಎಂಟನೇ ತರಗತಿಗೆ ಕೊಟ್ಟ ಹಾಳೆಯ ತಲೆಯ ಮೇಲೆ ತಮಿಳಿನ ‘ಕಾಲಕ್ಕೋಡು’ ಎಂಬ ಮಾತನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬಿಟ್ಟಿದ್ದೆ. ತಮಿಳಿನಲ್ಲಿ ಕೋಡು ಎಂದರೆ ಗೆರೆ. ಮಕ್ಕಳು ಕನ್ನಡದ ಕೋಡನ್ನೇ ಹಿಡಿದುಕೊಂಡರು.

“ಟೀಚರ್, ಕಾಲಕ್ಕೂ ಕೋಡು ಬಂದದ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಇಡೀ ತರಗತಿ ನಕ್ಕಿತು. ನಾನೂ ನಕ್ಕು, ಅದನ್ನು ಹೊಡೆದು ‘ಕಾಲರೇಖೆ’ ಎಂದು ಬರೆಸಿದೆ.

ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ, ಗೆರೆಯ ಮೇಲೆ ಆರು ಖಾಲಿ ಚೌಕ. ಕೆಳಗೆ ಆರು ಘಟನೆಗಳು ಹಿಂದುಮುಂದಾಗಿ ಬಿದ್ದಿದ್ದವು: ಉಪ್ಪಿನ ಸತ್ಯಾಗ್ರಹ, ಬಂಗಾಳದ ವಿಭಜನೆ, ಚೌರಿಚೌರಾ, ಭಾರತ ಬಿಟ್ಟು ತೊಲಗಿ, ಜಲಿಯನ್‌ವಾಲಾ ಬಾಗ್, ಅಸಹಕಾರ ಚಳವಳಿ. ಮಕ್ಕಳು ಅವನ್ನು ಕತ್ತರಿಸಿ ಸರಿಯಾದ ಕ್ರಮದಲ್ಲಿ ಚೌಕಗಳಿಗೆ ಅಂಟಿಸಬೇಕು. ಪ್ರತಿಯೊಂದರ ಕೆಳಗೆ ಒಂದು ಸಾಲು ಕಾರಣ, ಒಂದು ಸಾಲು ಪರಿಣಾಮ ಬರೆಯಬೇಕು. ಇಸವಿಗಳನ್ನು ನಾನು ಬೇಕೆಂದೇ ಕೊಟ್ಟಿರಲಿಲ್ಲ. ಮೊದಲ ದಿನ ಪುಸ್ತಕ ಮುಚ್ಚಿಟ್ಟು ಪಾಠದಲ್ಲಿ ಕೇಳಿದ್ದನ್ನು ಯೋಚಿಸಿ ಜೋಡಿಸಿ, ನಾಳೆ ಪುಸ್ತಕ ತೆರೆದು ತಾಳೆ ನೋಡೋಣ ಎಂದಿದ್ದೆ.

ಬೆಂಚುಗಳ ನಡುವೆ ಸುತ್ತುತ್ತ ನೋಡಿದರೆ ಮೊದಲ ಸುತ್ತಿನಲ್ಲಿ ಆರು ಘಟನೆಗೂ ಒಂದೇ ಕಾರಣ: ‘ಬ್ರಿಟಿಷರು ಕೆಟ್ಟವರು.’ ಆರಕ್ಕೂ ಒಂದೇ ಪರಿಣಾಮ: ‘ಸ್ವಾತಂತ್ರ್ಯ ಸಿಕ್ಕಿತು.’

“ಆರು ಸಲ ಸ್ವಾತಂತ್ರ್ಯ ಬಂತಾ?” ಎಂದೆ. “ಇದು ಆದದ್ದರಿಂದ ಮುಂದೆ ಏನಾಯಿತು ಅನ್ನೋದಷ್ಟೇ ಪರಿಣಾಮ. ಇದು ಯಾತರಿಂದ ಆಯಿತು ಅನ್ನೋದು ಕಾರಣ. ಕಾರಣ ಅಂತ ಬರೆದದ್ದನ್ನ ತೆಗೆದುಹಾಕಿ ನೋಡಿ. ಅದು ಇಲ್ಲದಿದ್ದರೂ ಇದು ಆಗ್ತಿತ್ತಾ ಅಂತ ಕೇಳ್ಕೊಳ್ಳಿ.”

ಆಮೇಲೆ ಸ್ವಲ್ಪ ದಾರಿಗೆ ಬಂದರು. ‘ಬಂಗಾಳವನ್ನು ಎರಡು ಮಾಡಿದ್ದರಿಂದ ಜನ ಸ್ವದೇಶಿ ಚಳವಳಿ ಹೂಡಿದರು’ ಎಂದು ಒಬ್ಬ ಬರೆದ. ‘ಉಪ್ಪಿಗೂ ತೆರಿಗೆ ಹಾಕಿದ್ದರು, ಅದಕ್ಕೆ ಜನ ತಾವೇ ಉಪ್ಪು ಮಾಡಿ ಕಾನೂನು ಮುರಿದರು’ ಎಂದು ಇನ್ನೊಬ್ಬಳು. ಒಬ್ಬ ಮಾತ್ರ ಅಸಹಕಾರ ಚಳವಳಿಯ ಪರಿಣಾಮದ ಜಾಗದಲ್ಲಿ ‘ಮಕ್ಕಳು ಇಸ್ಕೂಲು ಬಿಟ್ಟರು’ ಎಂದು ಬರೆದು, ಅಡಿಗೆರೆ ಎಳೆದು, ಆಸೆಯಿಂದ ನನ್ನ ಮುಖ ನೋಡಿದ. ಬರೆದದ್ದು ತಪ್ಪೇನಲ್ಲ. ಸರಿ ಗುರುತು ಹಾಕಿ ಮುಂದೆ ಹೋದೆ.

ಜಗಳ ಎದ್ದದ್ದು ಮೂರನೇ ಬೆಂಚಿನಲ್ಲಿ. ಅಲ್ಲಿ ಇಬ್ಬರು ಹುಡುಗಿಯರು ಕೂರುತ್ತಿದ್ದರು. ಒಬ್ಬಳು ಗೆಟ್ಟವಾಡಿಯವಳು, ಮೆತ್ತಗೆ ಮಾತಾಡುವವಳು, ಆದರೆ ಹಿಡಿದದ್ದು ಬಿಡುವವಳಲ್ಲ. ಇನ್ನೊಬ್ಬಳು ತಾಳಮಲೆಯಿಂದ ಬಸ್ಸಿನಲ್ಲಿ ಬರುವವಳು, ದನಿ ಎತ್ತಿದರೆ ಪಕ್ಕದ ತರಗತಿಗೂ ಪಾಠವಾಗುತ್ತಿತ್ತು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಪ್ಪಿನಕಾಯಿ ನೆಕ್ಕುವಷ್ಟು ಗೆಳತಿಯರು. ಇಬ್ಬರಿಗೂ ಸೇರಿ ಒಂದೇ ಹಾಳೆ ಕೊಟ್ಟಿದ್ದೆ.

“ಚೌರಿಚೌರಾ ಮೊದ್ಲು ಕಣಮ್ಮಿ, ಅಸಹಕಾರ ಆಮೇಲೆ,” ಎಂದು ತಾಳಮಲೆಯವಳು ಚೂರಿಗೆ ಗೋಂದು ಹಚ್ಚಿಕೊಂಡು ಕೂತಿದ್ದಳು.

“ಅಲ್ಲ. ಚಳವಳಿ ಮೊದ್ಲೇ ಸುರುವಾಗಿತ್ತು. ಚೌರಿಚೌರಾದಿಂದ ನಿಂತೋಯ್ತು ಅಂತ ಟೀಚರ್ ಏಳಿದ್ರಲ್ಲ.”

“ಎಂಗೆ ನಿಂತದು? ಜಗಳ ಆದ್ಮೇಲೆ ತಾನೆ ಅಸಹಕಾರ? ನಮ್ಮ ದೊಡ್ಡಪ್ಪನ ಮನೆಗೂ ನಮ್ಮನೆಗೂ ಬೇಲಿ ವಿಚಾರಕ್ಕೆ ಜಗಳ ಆಯ್ತು. ಆಮೇಲೆ ಮಾತು ಬುಟ್ರು, ಕೊಡೋದು ತಕ್ಕೊಳೋದು ಬುಟ್ರು. ಜಗಳ ಆಗ್ದೆ ಯಾರಾದ್ರೂ ಸುಮ್‌ಸುಮ್ನೆ ಮಾತು ಬುಟ್ಟಾರಾ?”

ನನಗೆ ಒಳಗೊಳಗೇ ಖುಷಿಯಾಯಿತು. ಕ್ರಮ ತಪ್ಪಿದ್ದರೂ ಅವಳು ಬಾಯಿಪಾಠದಿಂದ ತಪ್ಪಿರಲಿಲ್ಲ, ಯೋಚಿಸಿ ತಪ್ಪಿದ್ದಳು. ಉತ್ತರ ಹೇಳಿಬಿಡಲು ಮನಸ್ಸಾಗಲಿಲ್ಲ. ನಾಳೆ ನೋಡೋಣ ಎಂದೆ. ಅಷ್ಟರಲ್ಲಿ ಅವಳು ಚೂರನ್ನು ಅಂಟಿಸಿಯೇಬಿಟ್ಟಳು, ಗೆಟ್ಟವಾಡಿಯವಳು ಕೀಳಲು ಹೋದಳು, ಹಾಳೆ ಗೆರೆಯ ಉದ್ದಕ್ಕೂ ಹರಿಯಿತು. ಸಂಜೆ ಬೆಲ್ಲು ಹೊಡೆಯುವಾಗ ಇಬ್ಬರ ನಡುವೆ ಬೆಂಚಿನ ಮೇಲೆ ಒಂದು ಚೀಲ ಕೂತಿತ್ತು. ಮಾತು ನಿಂತಿತ್ತು.

ಮರುದಿನ ಬೆಳಿಗ್ಗೆ ತಾಳಮಲೆ ಬಸ್ಸು ಬರಲೇ ಇಲ್ಲ. ಆ ಬಸ್ಸಿನಲ್ಲಿ ನಮ್ಮ ಕೆಲವು ಮಕ್ಕಳು ಬರುತ್ತಾರೆ. ಮಧ್ಯಾಹ್ನದ ಅಡುಗೆ ಮಾಡುವ ಅಕ್ಕನೂ ಅದರಲ್ಲೇ ಬರುವುದು. ಪ್ರಾರ್ಥನೆ ಮುಗಿಯಿತು, ಮೊದಲ ಪೀರಿಯಡ್ಡು ಮುಗಿಯಿತು, ಒಲೆ ತಣ್ಣಗೇ ಇತ್ತು. ಊರಿಗೆ ಸುದ್ದಿ ಮಾತ್ರ ಬಸ್ಸಿಗಿಂತ ಮುಂಚೆ ಬಂತು: ಆನೆ ಬಸ್ಸು ನಿಲ್ಲಿಸಿಬಿಟ್ಟಿದೆಯಂತೆ.

ಕೊನೆಗೆ ಬಸ್ಸು ಬಂತು. ಅಕ್ಕ ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ಓಡಿದಳು. ಮಕ್ಕಳು ತರಗತಿಗೆ ನುಗ್ಗಿದರು. ಎಲ್ಲರ ಬಾಯಲ್ಲೂ ಆನೆಯೇ. ಇನ್ನು ಪಾಠ ಮಾಡಿದರೆ ಯಾರ ಕಿವಿಗೂ ಬೀಳುವುದಿಲ್ಲ ಎಂದು ಗೊತ್ತಾಗಿ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ.

“ಸರಿ, ಇವತ್ತು ಇದನ್ನೇ ಜೋಡಿಸಿ. ಊಟ ತಡ ಆಗ್ತದೆ, ಅದು ಕೊನೇ ಚೌಕ. ಅದಕ್ಕೆ ಮುಂಚೆ ಏನೇನಾಯ್ತು?”

ಮಕ್ಕಳು ಕೂಗಿದ್ದನ್ನೆಲ್ಲ ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡೆ: ಆನೆ ಬಂತು, ಬಸ್ಸು ನಿಂತಿತು, ಕಬ್ಬಿನ ಲಾರಿಯ ಹಗ್ಗ ಕಿತ್ತು ಕಬ್ಬು ರಸ್ತೆಗೆ ಬಿತ್ತು, ಅಡುಗೆ ಅಕ್ಕ ತಡವಾಗಿ ಬಂದರು. ಮೊದಲ ಚೌಕಕ್ಕೆ ಯಾವುದು ಎಂದು ಕೇಳಿದೆ.

ಗೆಟ್ಟವಾಡಿಯವಳು ಎದ್ದು ನಿಂತಳು. “ಆನೆ ಬಂದದ್ದು ಟೀಚರ್. ಅದ್ರಿಂದ ಬಸ್ಸು ನಿಂತ್ಕಂತು.”

“ಸುಳ್ಳು!” ಎಂದು ಪಕ್ಕದಿಂದಲೇ ಸಿಡಿಯಿತು. ಹಿಂದಿನ ಸಂಜೆಯಿಂದ ಅವಳು ಗೆಳತಿಗೆ ಆಡಿದ ಮೊದಲ ಮಾತು ಅದು. “ನೀ ಬಸ್ಸಲ್ಲಿದ್ದಾ? ನಾ ಇದ್ದೆ. ಮುಂದ್ಗಡೆ ಸೀಟಲ್ಲೇ ಇದ್ದೆ. ಎದ್ರುಗಡೆ ಲಾರಿ ಬಂತು, ಅಗ್ಗ ಕಿತ್ತೋಯ್ತು, ಕಬ್ಬೆಲ್ಲ ರೋಡ್ಗೆ ಬಿತ್ತು. ದಾರಿ ಇಲ್ದೆ ಬಸ್ಸು ನಿಂತ್ಕಂತು. ಆಗ ಆನೆನೂ ಇಲ್ಲ ಗೀನೆನೂ ಇಲ್ಲ. ಡ್ರೈವರಣ್ಣ ಇಳ್ದು ಕಬ್ಬು ಎತ್ತಾಕಕ್ಕೆ ಓದ್ರು. ಆಮೇಲೆ ಬಂತು ಆನೆ, ಕಬ್ಬು ತಿನ್ನಕ್ಕೆ. ಡ್ರೈವರಣ್ಣ ಓಡ್ಬಂದು ಬಸ್ ಅತ್ಕಂಡ್ರು.”

“ಎಲ್ರೂ ಆನೆಯಿಂದ್ಲೇ ನಿಂತ್ಕಂತು ಅಂತಾವ್ರಲ್ಲ,” ಎಂದಳು ಗೆಟ್ಟವಾಡಿಯವಳು, ಸೋಲದೆ.

ತಾಳಮಲೆಯವಳು ಬೆಂಚಿನ ಮೇಲೆ ಕೈ ಬಡಿದಳು. “ಬಸ್ಸು ನಿಂತ ಮೇಲೆ ತಾನೆ ಆನೆ ಬಂದದ್ದು? ಆಮೇಲೆ ಬಂದದ್ದು ಮೊದ್ಲು ಆದದ್ದಕ್ಕೆ ಎಂಗಮ್ಮಿ ಕಾರಣ ಆಯ್ತದೆ?”

ಅಷ್ಟು ಹೇಳಿ ಅವಳು ನಿಂತಳು. ಬಾಯಿ ತೆರೆದೇ ಇತ್ತು. ಕಣ್ಣು ಮೆಲ್ಲಗೆ ಗೋಡೆಯ ಕಡೆ ಹೋಯಿತು. ಅಲ್ಲಿ ಹಿಂದಿನ ದಿನದ ಹರಿದ ಹಾಳೆಯನ್ನು ನಾನು ಟೇಪು ಹಚ್ಚಿ ನೇತುಹಾಕಿದ್ದೆ. ಅದರಲ್ಲಿ ಚೌರಿಚೌರಾ ಅಸಹಕಾರಕ್ಕಿಂತ ಮುಂಚಿನ ಚೌಕದಲ್ಲಿ ಅಂಟಿಕೊಂಡಿತ್ತು, ಅವಳು ಅಂಟಿಸಿದ ಜಾಗದಲ್ಲೇ.

“ಅಯ್ಯೋ ಶಿವನೆ, ಚಳವಳಿ ನಿಲ್ಸಿದ ಚೌರಿಚೌರಾನ ಚಳವಳಿಗೇ ಕಾರಣ ಮಾಡ್ಬುಟ್ಟಿದ್ದೀನಿ,” ಎಂದು ಗೊಣಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೊದಲು ನಕ್ಕವಳು ಗೆಟ್ಟವಾಡಿಯವಳು. ಆಮೇಲೆ ತಾಳಮಲೆಯವಳೂ. ಉಳಿದವರಿಗೆ ಏನೆಂದು ತಿಳಿಯದಿದ್ದರೂ ನಗುವುದಕ್ಕೆ ಯಾರೂ ಹಿಂದೆ ಬೀಳಲಿಲ್ಲ.

ನಗು ಇಳಿದ ಮೇಲೆ ಕೇಳಿದೆ: “ಹಾಗಾದರೆ ಆನೆಗೆ ಈ ಗೆರೆಯ ಮೇಲೆ ಕೆಲಸವೇ ಇಲ್ಲವಾ? ಆನೆ ಬರದಿದ್ದರೆ ಏನಾಗ್ತಿತ್ತು?”

ತಾಳಮಲೆಯವಳು ಯೋಚಿಸಿದಳು. “ಕಬ್ಬು ಎತ್ತಾಕಿ ಬೇಗ ಬಂದ್ಬುಡ್ತಿದ್ವು.”

“ಅಂದ್ರೆ ಬಸ್ಸು ನಿಂತದ್ದಕ್ಕೆ ಕಬ್ಬು ಕಾರಣ,” ಎಂದಳು ಗೆಟ್ಟವಾಡಿಯವಳು ನಿಧಾನವಾಗಿ. “ನಿಂತೇ ಇದ್ದದ್ದಕ್ಕೆ ಆನೆ ಕಾರಣ. ನಾನೂ ಅರ್ಧ ಸರಿ.”

“ಅರ್ಧ ಮಾತ್ರ,” ಎಂದಳು ತಾಳಮಲೆಯವಳು. ಆದರೆ ಚೀಲ ಆಗಲೇ ಬೆಂಚಿನ ಕೆಳಗೆ ಹೋಗಿತ್ತು.

ಬೋರ್ಡಿನ ಗೆರೆ ತುಂಬಿತು. ಕಬ್ಬು ಬಿದ್ದದ್ದು, ಬಸ್ಸು ನಿಂತದ್ದು, ಆನೆ ಬಂದದ್ದು, ಅಕ್ಕ ತಡವಾದದ್ದು, ಊಟ ತಡವಾದದ್ದು. ಒಂದರ ಪರಿಣಾಮ ಮುಂದಿನದಕ್ಕೆ ಕಾರಣವಾಗುವುದನ್ನು ತೋರಿಸಲು ಬಾಣದ ಗುರುತು ಹಾಕಿದೆ. ಬಸ್ಸು ನಿಂತದ್ದರಿಂದ ಆನೆಗೆ ಮಾತ್ರ ಬಾಣ ಹಾಕಲು ಮಕ್ಕಳು ಬಿಡಲಿಲ್ಲ. ಬಸ್ಸು ನಿಂತಿತು ಅಂತ ಆನೆ ಬಂದದ್ದಲ್ಲ, ಕಬ್ಬಿಗೆ ಬಂದದ್ದು, ಬರೇ ಅದರ ನಂತರ ಬಂತು ಅಷ್ಟೇ ಎಂದು ಹಟ ಹಿಡಿದರು. ನಾನು ಆ ಬಾಣವನ್ನು ಅಳಿಸಿ ಕಬ್ಬಿನಿಂದ ಆನೆಗೆ ಬಗ್ಗಿಸಿ ಎಳೆದೆ. ಒಂದರ ನಂತರ ಒಂದು ಆಯಿತು ಎಂಬುದು ಬೇರೆ, ಒಂದರಿಂದ ಒಂದು ಆಯಿತು ಎಂಬುದು ಬೇರೆ. ಇದನ್ನು ಹೇಳಿಕೊಡಲು ವರ್ಷವಿಡೀ ಒದ್ದಾಡಿದ್ದೆ. ಅವತ್ತು ಅವರೇ ನನಗೆ ಹೇಳಿದರು.

ಅಡುಗೆ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಊಟಕ್ಕೆ ಇನ್ನೂ ಹೊತ್ತಿದೆ ಎಂದು ಹೇಳಲು ಬಂದವಳು ಬೋರ್ಡು ನೋಡಿ ಬೆರಗಾದಳು. “ನನ್ನೂ ಬರ್ದಿದ್ದೀರಾ?” ಎಂದಳು. “ಊಟ ತಡ ಅಂತ ಬರ್ದು ಕಾರಣ ನಾನು ಅಂತ ಆಕ್ಬೇಡಿ ಕಣವ್ವ. ಆನೆ ಎಸ್ರು ಆಕಿ.” ಮಕ್ಕಳು ಒಕ್ಕೊರಲಿನಿಂದ ಕಬ್ಬಿನ ಹೆಸರು ಕೂಗಿದರು. ಅವಳು ತಲೆ ಚಚ್ಚಿಕೊಂಡು ಹೋದಳು.

ಊಟದವರೆಗೆ ಸಿಕ್ಕ ಹೊತ್ತಿನಲ್ಲಿ ಪುಸ್ತಕ ತೆರೆಸಿದೆ. ಬಂಗಾಳದ ವಿಭಜನೆ 1905, ಜಲಿಯನ್‌ವಾಲಾ ಬಾಗ್ 1919, ಅಸಹಕಾರ 1920, ಚೌರಿಚೌರಾ 1922, ಉಪ್ಪಿನ ಸತ್ಯಾಗ್ರಹ 1930, ಭಾರತ ಬಿಟ್ಟು ತೊಲಗಿ 1942. ಮೂರನೇ ಬೆಂಚಿನವರಿಗೆ ಹೊಸ ಹಾಳೆ ಕೊಟ್ಟೆ. ಈ ಸಲ ಕತ್ತರಿಸಿದ್ದು ಒಬ್ಬಳು, ಅಂಟಿಸಿದ್ದು ಒಬ್ಬಳು.

ತಾಳಮಲೆಯವಳಿಗೆ ಒಂದು ಅಸಮಾಧಾನ ಉಳಿದಿತ್ತು. “ಟೀಚರ್, ಜಗಳ ಆಗ್ದೆ ಯಾರೂ ಮಾತು ಬುಡಲ್ಲ ಅನ್ನದು ಮಾತ್ರ ನಿಜ. ಅಸಹಕಾರಕ್ಕೆ ಮೊದ್ಲಿನ ಜಗಳ ಯಾವ್ದು?”

“ಗೆರೆ ಮೇಲೆ ಹಿಂದಕ್ಕೆ ಹೋಗಿ ನೋಡು.”

ಅವಳ ಬೆರಳು ಹಿಂದಕ್ಕೆ ಸರಿಯಿತು. ಜಲಿಯನ್‌ವಾಲಾ ಬಾಗಿನ ಮೇಲೆ ನಿಂತಿತು.

“ಇದು ಜಗಳ ಅಲ್ಲ ಟೀಚರ್. ಸುಮ್ನೆ ಕೂತಿದ್ದೋರ ಮೇಲೆ ಗುಂಡು ಆರ್ಸಿದ್ದು,” ಎಂದಳು ಸಣ್ಣ ದನಿಯಲ್ಲಿ. ಆಮೇಲೆ ಬರೆದಳು. ಆ ಹಾಳೆ ಈಗಲೂ ಕಣ್ಣ ಮುಂದಿದೆ. ಅಸಹಕಾರ ಚಳವಳಿ. ಕಾರಣ: ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ್ದನ್ನು ಜನರಿಗೆ ತಡೆದುಕೊಳ್ಳಲು ಆಗಲಿಲ್ಲ. ಪರಿಣಾಮ: ಸರ್ಕಾರದ ಶಾಲೆ, ಕೋರ್ಟು, ಪರದೇಶದ ಬಟ್ಟೆ ಬಿಟ್ಟರು. ಅದರ ಮುಂದಿನ ಚೌಕವನ್ನು ಗೆಟ್ಟವಾಡಿಯವಳು ತುಂಬಿದಳು. ಚೌರಿಚೌರಾ. ಕಾರಣ: ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಜನ ಸಿಟ್ಟಿನಿಂದ ಠಾಣೆಗೆ ಬೆಂಕಿ ಹಚ್ಚಿದರು. ಪರಿಣಾಮ: ಹಿಂಸೆ ಆಯಿತೆಂದು ಚಳವಳಿಯನ್ನೇ ನಿಲ್ಲಿಸಿದರು.

ಅಸಹಕಾರಕ್ಕೆ ಬೇರೆ ಕಾರಣಗಳೂ ಇದ್ದವು, ಅವು ಒಂದು ಸಾಲಿನಲ್ಲಿ ಹಿಡಿಯುವುದಿಲ್ಲ ಎಂದೆ. “ಒಂದೇ ಸಾಲು ಅಂತ ನೀವೇ ಏಳಿದ್ದು,” ಎಂದರು ಇಬ್ಬರೂ ಒಟ್ಟಿಗೆ.

ಅಷ್ಟರಲ್ಲಿ ಸಾಂಬಾರಿನ ಒಗ್ಗರಣೆ ಚಟಪಟ ಎಂದಿತು. ತಟ್ಟೆ ಹಿಡಿದು ಎಲ್ಲರೂ ಹೊರಗೆ ಓಡಿದರು. ಆ ಇಬ್ಬರು ಮಾತ್ರ ಸಾಲಿನ ಕೊನೆಯಲ್ಲಿ ನಿಂತು, ಮೊಟ್ಟೆ ಯಾರಿಗೆ ದೊಡ್ಡದು ಬಂದೀತು ಎಂದು ಹೊಸ ವಾದ ಶುರುಮಾಡಿದ್ದರು.