ಇಪ್ಪತ್ತನಾಲ್ಕು ಓವರು, ಐದು ಚೆಂಡು

ತಕ್ಕಡಿಯ ಮುಳ್ಳು ನೋಡದೆ ನಾನು ಈರುಳ್ಳಿ ಕೂಡ ಕೊಂಡವಳಲ್ಲ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಮುಳಬಾಗಿಲಿಗೆ ಬಂದಾಗ, ಊರಿನ ಕ್ರಿಕೆಟ್ ತಂಡದ ಕ್ಯಾಪ್ಟನ್ ಆಗಿದ್ದ ನನ್ನ ಗಂಡ ಸ್ಕೋರ್ ಶೀಟ್ ಓದುವುದನ್ನು ಕಲಿಸಿದರು. ಅದನ್ನೂ ಹಾಗೇ ಓದಿದೆ.

"ನಲವತ್ತೆಂಟು ಚೆಂಡಿಗೆ ಮೂವತ್ತಾರು ರನ್ ಹೊಡ್ದೆ. ನೂರು ಚೆಂಡಾಗಿದ್ರೆ ಎಪ್ಪತ್ತೈದು. ಅದೇ ಸ್ಟ್ರೈಕ್ ರೇಟು ಕಣೇ. ಬೌಲರ್ ಎಂಟು ಓವರಿಗೆ ಮೂವತ್ತೆರಡು ಕೊಟ್ರೆ, ಓವರಿಗೆ ನಾಲ್ಕು. ಅದು ಎಕಾನಮಿ."

ಓವರಿಗೆ ಆರು ಚೆಂಡು ಎಂದು ಬೆರಳು ಮಡಚಿ ಎಣಿಸಿ ತೋರಿಸಿದವರೂ ಅವರೇ.

ಆ ವರ್ಷ ನಾವೂ ಶ್ರೀನಿವಾಸಪುರದವರೂ ಗೆಲುವಿನಲ್ಲಿ ಸಮ. ಬೇರೆ ಬೇರೆ ಊರಿನವರ ಮೇಲೆ ಆಡುವ ಕೊನೆಯ ಪಂದ್ಯದಲ್ಲಿ ನಮ್ಮಿಬ್ಬರಲ್ಲಿ ಯಾರ ರನ್ ರೇಟ್ ಹೆಚ್ಚೋ ಅವರು ಕೋಲಾರದ ಫೈನಲಿಗೆ ಎಂದು ಮೊದಲೇ ಮಾತಾಗಿತ್ತು. ಅವರು ಮೂವತ್ತು ಓವರಿನಲ್ಲಿ ೧೪೬, ಅಂದರೆ ಓವರಿಗೆ ೪.೮೭. ನಾವು ೨೪.೫ ಓವರಿನಲ್ಲಿ ೧೨೦ ಹೊಡೆದು ಗೆದ್ದಿದ್ದೆವು. ಗಂಡ ಭಾಗಿಸಿ ೪.೯೦ ಎಂದರು. ನಾವೇ ಮುಂದೆ. ಆದರೆ ಇಷ್ಟೇ ಇಷ್ಟು ಅಂತರವೇ? ನನಗೆ ಶ್ರೀನಿವಾಸಪುರದವರ ಮೇಲೆ ಗುಮಾನಿ ಬಂತು.

ಶಾಲೆಯ ಮೈದಾನದಲ್ಲಿ ಅವರ ಸ್ಕೋರರ್ ಮೇಷ್ಟ್ರು ಶೀಟ್ ಹಿಡಿದು ಕೂತಿದ್ದರು. ಬ್ಯಾಟ್ಸ್‌ಮನ್‌ಗಳ ರನ್ ಕೂಡಿಸಿದೆ. ನೂರ ಮೂವತ್ತೇಳು!

"ಏನ್ ಸಾರ್, ಇನ್ನೊಂಬತ್ತು ರನ್ ಎಲ್ಲಿಂದ ಬಂತು?"

"ಎಕ್ಸ್‌ಟ್ರಾ ಅಮ್ಮಾ. ಬೈ, ಲೆಗ್ ಬೈ, ನೋಬಾಲು. ಬ್ಯಾಟಿಂದ ಬರ್ದಿದ್ರೂ ಟೀಮಿಗೆ ಸೇರ್ತದೆ," ಎಂದು ಕೆಳಗಿನ ಸಾಲು ತೋರಿಸಿದರು. ಒಂಬತ್ತೂ ಇತ್ತು. ನನಗೆ ಸಮಾಧಾನವಾಗಲಿಲ್ಲ. ಆಮೇಲೆ ಶ್ರೀನಿವಾಸಪುರದವರು ತಕರಾರು ತೆಗೆಯದಿರಲಿ, ಇಲ್ಲೇ ಇತ್ಯರ್ಥವಾಗಲಿ ಎನಿಸಿತು.

"ಇಬ್ರದೂ ಚೆಂಡಿನ ಲೆಕ್ಕದಲ್ಲೇ ಹಾಕೋಣ ಸಾರ್."

"ಯಾಕೆ ಬಿಡೇ, ಆಗಿಹೋಯ್ತಲ್ಲ," ಎಂದರು ಗಂಡ. ನಾನು ಕೇಳಬೇಕಲ್ಲ!

ಅವರದು ನೂರ ಎಂಬತ್ತು ಚೆಂಡು. ಅದೇ ೪.೮೭ ಬಂತು. ನಮ್ಮದು ಇಪ್ಪತ್ತನಾಲ್ಕು ಓವರಿನ ನೂರ ನಲವತ್ತನಾಲ್ಕು, ಮೇಲೆ ಐದು. ನೂರ ನಲವತ್ತೊಂಬತ್ತು ಚೆಂಡಿಗೆ ನೂರ ಇಪ್ಪತ್ತು ರನ್. ಆರರಿಂದ ಗುಣಿಸಿ ಭಾಗಿಸಿದೆ. ೪.೮೩. ಮತ್ತೊಮ್ಮೆ ಭಾಗಿಸಿದೆ, ಅಷ್ಟೇ ಬಂತು. ೨೪.೫ ಎಂದರೆ ಇಪ್ಪತ್ತನಾಲ್ಕೂವರೆ ಓವರಲ್ಲ, ಇಪ್ಪತ್ತನಾಲ್ಕು ಓವರು ಮತ್ತು ಐದು ಚೆಂಡು. ಗಂಡ ಅದನ್ನು ಇಪ್ಪತ್ತನಾಲ್ಕೂವರೆ ಎಂದೇ ಭಾಗಿಸಿದ್ದರು.

"ಕರೆಕ್ಟುಗಾ ಚೆಪ್ಪಿನಾರಮ್ಮಾ," ಸರಿಯಾಗಿ ಹೇಳಿದಿರಿ ಎಂದು ಮೇಷ್ಟ್ರು ತೆಲುಗಿನಲ್ಲೇ ಕೊಂಡಾಡಿ ಎದ್ದರು. ಕೋಲಾರಕ್ಕೆ ಅವರು ಹೋದರು.

ತಂಡದ ಹುಡುಗರು ಎಷ್ಟೋ ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನನಗೆ ಅದರ ಬೇಸರವಿರಲಿಲ್ಲ. ಬೇರೊಂದು ಕೊರೆಯುತ್ತಿತ್ತು. ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟೆ.

"ಓವರಿಗೆ ಆರು ಚೆಂಡು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಮರ್ತೋಗಿತ್ತು ಕಣೇ," ಎಂದರು, ತಟ್ಟೆಯಿಂದ ತಲೆ ಎತ್ತದೆ.

ಇವತ್ತಿಗೂ ನಾನು ಅದನ್ನು ನಂಬಿಲ್ಲ.